“ನನ್ನ ಮಾತು ಹೇಗಿರುತ್ತೆ, ಹೇಳೇ”: ಗೆಳತಿಯನ್ನು ಕೇಳುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯ ಒಂದು ಬಿ.ಇಡಿ. ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮುಂದೆ ಮೇಷ್ಟ್ರು, ಮೇಡಂ ಆಗುವವರು ಮಕ್ಕಳ ಮುಂದೆ ಹೇಗೆ ಮಾತಾಡುತ್ತಾರೆ ಅಂತ ಹಿಂದಿನ ಬೆಂಚಲ್ಲಿ ಕೂತು, ಹಾಳೆ ಮೇಲೆ ಗೀಟು ಹಾಕಿ ಎಣಿಸುವುದು ನನ್ನ ಕೆಲಸದ ಒಂದು ಭಾಗ. ಹತ್ತೊಂಬತ್ತು ವರ್ಷ ಬೇರೆಯವರ ಮಾತು ಎಣಿಸಿದೆ. ನನ್ನ ಮಾತನ್ನು ಒಂದು ಸಲವೂ ಎಣಿಸಿರಲಿಲ್ಲ. ಎರಡು ವರ್ಷದ ಹಿಂದೆ ಒಬ್ಬ ಗೆಳತಿ ಎಣಿಸಿ ಕೊಟ್ಟಳು. ಆ ಕಥೆಯನ್ನು ಸ್ಟಾಫ್ ರೂಮಲ್ಲಿ ಹೇಳಿದ್ದೇ ತಪ್ಪಾಯಿತು. ಅವತ್ತಿಂದ ಯಾರಾದರೂ ಒಬ್ಬರು ಬಂದು ಕೇಳುತ್ತಲೇ ಇದ್ದಾರೆ. ಕೇಳಿದ್ದನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ನಿಮಗೆ ಇದು ಯಾಕೆ ಬೇಕಾಯಿತು?

ನನ್ನ ತಂಗಿ ಹರಿಹರದಲ್ಲಿದ್ದಾಳೆ. ಒಂದು ಸಂಜೆ ಫೋನ್ ಮಾಡಿದ್ದಳು. ಗಂಡನಿಗೆ ವರ್ಗಾವಣೆ ಆಗಿತ್ತು, ಮಗ ಪಿಯುಸಿ, ಮನೆ ಬಿಡುವುದೋ ಇಲ್ಲೇ ಇರುವುದೋ ಅಂತ ಅವಳಿಗೆ ತಳಮಳ. ನಾನು “ಅಯ್ಯೋ, ನಮಗೂ ಹಿಂಗೇ ಆಗಿತ್ತಲ್ಲೇ” ಅಂತ ಶುರು ಮಾಡಿದೆ. ನಮ್ಮ ವರ್ಗಾವಣೆ, ನಮ್ಮ ಲಾರಿ, ದಾರಿಯಲ್ಲಿ ಒಡೆದ ನಮ್ಮ ಬೀರು ಕನ್ನಡಿ, ಎಲ್ಲ ಹೇಳಿದೆ. ಕೊನೆಗೆ ಅವಳು “ಸರಿ ಅಕ್ಕಾ, ನಿಂದೇ ಮಾತಾಯ್ತು. ಅನ್ನಕ್ಕಿಟ್ಟೀನಿ, ಇಡ್ತೀನಿ” ಅಂದಳು.

ಅವಳು ಸಿಟ್ಟಿನಿಂದ ಹೇಳಲಿಲ್ಲ, ಸುಮ್ನೆ ಹೇಳಿದಳು. ನಾನೋ ಅವಳಿಗೆ ಸಮಾಧಾನ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ಅವಳಿಗೆ ಕೇಳಿಸಿದ್ದೇ ಬೇರೆ. ಈ ಎರಡರ ನಡುವಿನ ದೂರ ನನಗೆ ಒಳಗಿನಿಂದ ಕಾಣುವಂಥದ್ದಲ್ಲ. 1955ರಲ್ಲಿ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ ಎಂಬ ಇಬ್ಬರು ಇದಕ್ಕೊಂದು ಚಿತ್ರ ಬರೆದರು. ನಾಲ್ಕು ಗಾಜಿನ ಕಿಟಕಿ ಇದ್ದ ಹಾಗೆ. ಅದರಲ್ಲಿ ಒಂದು ಗಾಜಿನಲ್ಲಿ ಇರುವುದು ಬೇರೆಯವರಿಗೆ ಕಾಣುತ್ತೆ, ನಮಗೆ ಕಾಣಲ್ಲ. ಇಬ್ಬರ ಹೆಸರಿನ ತುಂಡು ಸೇರಿಸಿ ಅದಕ್ಕೆ ಜೋಹಾರಿ ಕಿಟಕಿ ಅನ್ನುತ್ತಾರೆ. ಇದನ್ನು ಪ್ರತಿ ವರ್ಷ ಬೋರ್ಡ್ ಮೇಲೆ ಬರೆದು ಪಾಠ ಮಾಡುತ್ತಿದ್ದವಳು ನಾನು!

ಯಾರನ್ನು ಕೇಳಬೇಕು?

ನೀವು ಬೇರೆಯವರ ಜೊತೆ ಮಾತಾಡುವುದನ್ನು ಪಕ್ಕದಲ್ಲಿ ಕೂತು ನೋಡಿದವರನ್ನು. ಇದನ್ನೇ ಜಾಸ್ತಿ ಜನ ಮರೆಯುತ್ತಾರೆ. ಫೋನಿನಲ್ಲಿ ಮಾತ್ರ ಸಿಗುವ ಜೀವದ ಗೆಳತಿ ಎಷ್ಟೇ ಹತ್ತಿರದವಳಾಗಲಿ, ಅವಳಿಗೆ ಗೊತ್ತಿರುವುದು ನೀವು ಅವಳ ಜೊತೆ ಆಡುವ ಮಾತು ಅಷ್ಟೇ.

ನಾನು ಕೇಳಿದ್ದು ಹೈಸ್ಕೂಲಿನಿಂದ ಜೊತೆಗಿರುವ ಗೆಳತಿಯನ್ನು. ಪಿ.ಜೆ. ಬಡಾವಣೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ, ಸೀರೆಗೆ ಫಾಲ್ಸ್ ಹಚ್ಚುತ್ತಾಳೆ. ಅಂಗಡಿಯಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ಹೆಂಗಸರ ಮಾತು ಕೇಳಿ ಅವಳ ಕಿವಿ ಪಳಗಿದೆ. ನನಗೆ ಅವಳಿಂದ ಏನೂ ಆಗಬೇಕಾಗಿಲ್ಲ, ಅವಳಿಗೂ ನನ್ನಿಂದ ಆಗಬೇಕಾದ್ದು ಇಲ್ಲ. ಇದು ಮುಖ್ಯ. ನಿಮ್ಮಿಂದ ಕೈಗಡ ತಗೊಂಡವರು, ನಿಮ್ಮ ಕೈಕೆಳಗಿನವರು, ನಿಮ್ಮ ವಿದ್ಯಾರ್ಥಿಗಳು ನಿಜ ಹೇಳಲಿ ಅಂತ ಬಯಸುವುದೇ ಅವರಿಗೆ ಕಷ್ಟ ಕೊಟ್ಟ ಹಾಗೆ.

ಮನೆಯವರನ್ನೇ ಕೇಳಿದರೆ ಆಗಲ್ವಾ?

ನಮ್ಮ ಯಜಮಾನರನ್ನು ಮೊದಲು ಕೇಳಿದ್ದು ನಿಜ. ಅವರು ಹೇಳಿದ್ದು ಮೂರು ವರ್ಷದ ಹಿಂದೆ ಅವರ ಅಕ್ಕನ ಮನೆ ಗೃಹಪ್ರವೇಶದಲ್ಲಿ ನಾನು ಆಡಿದ ಒಂದು ಮಾತಿನ ಬಗ್ಗೆ. ಮನೆಯಲ್ಲಿ ಹಳೇ ಬಾಕಿ ಇರುತ್ತೆ. ನೀವು ಕೇಳುವುದು ಒಂದು, ಅವರು ವಸೂಲು ಮಾಡುವುದು ಇನ್ನೊಂದು.

ಏನಂತ ಕೇಳಬೇಕು?

“ನಾನು ಹೆಂಗೆ ಮಾತಾಡ್ತೀನಿ?” ಅಂತ ಕೇಳಿದರೆ ಕೆಲಸ ಕೆಡುತ್ತೆ. ನಾನೂ ಮೊದಲು ಹಾಗೇ ಕೇಳಿದೆ. “ಚೆನ್ನಾಗೇ ಮಾತಾಡ್ತೀಯಲ್ಲೇ, ಮೇಡಂ ಅಲ್ವಾ ನೀನು” ಅಂದಳು. ಆ ಪ್ರಶ್ನೆಗೆ ಅವಳು ಇನ್ನೇನು ಹೇಳಲು ಸಾಧ್ಯ? ನನ್ನ ಇಡೀ ಸ್ವಭಾವಕ್ಕೆ ಮಾರ್ಕ್ಸ್ ಹಾಕು ಅಂದ ಹಾಗಾಯಿತು.

ಆಗ ನೆನಪಾದದ್ದು ನಮ್ಮ ಬಿ.ಇಡಿ.ಯ ಸೂಕ್ಷ್ಮ ಬೋಧನೆ. ಮೈಕ್ರೋ ಟೀಚಿಂಗ್ ಅಂತಲೇ ಎಲ್ಲರೂ ಕರೆಯುತ್ತಾರೆ. ಅದರಲ್ಲಿ ವಿದ್ಯಾರ್ಥಿ ಆರು ನಿಮಿಷ ಮಾತ್ರ ಪಾಠ ಮಾಡುತ್ತಾನೆ. ನೋಡುವವರು ಒಂದೇ ಕೌಶಲ ನೋಡುತ್ತಾರೆ. ಇವತ್ತು ಪ್ರಶ್ನೆ ಕೇಳುವ ಕೌಶಲ ಅಂದರೆ ಪ್ರಶ್ನೆ ಅಷ್ಟೇ. ಅವನ ಬೋರ್ಡ್ ಬರಹ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೂ ಅವತ್ತು ಅದರ ಸುದ್ದಿ ಎತ್ತುವ ಹಾಗಿಲ್ಲ. ಎಷ್ಟು ಸಲ ಪ್ರಶ್ನೆ ಕೇಳಿದ, ಉತ್ತರಕ್ಕೆ ಕಾದನೋ ಇಲ್ಲವೋ ಅಂತ ಗೀಟು ಹಾಕುತ್ತಾರೆ. ಆಮೇಲೆ ಆರು ನಿಮಿಷ ಅದರ ಬಗ್ಗೆ ಮಾತು, ಹನ್ನೆರಡು ನಿಮಿಷ ಪಾಠ ತಿದ್ದಿಕೊಳ್ಳಲು, ಮತ್ತೆ ಆರು ನಿಮಿಷ ಪಾಠ, ಮತ್ತೆ ಆರು ನಿಮಿಷ ಮಾತು. ಒಟ್ಟು 36 ನಿಮಿಷ. ನಮ್ಮ ದೇಶದ ಕಾಲೇಜುಗಳಲ್ಲಿ ನಡೆಯುವ ಕ್ರಮ ಇದು.

ಅದರಿಂದ ಎರಡು ವಿಷಯ ಎತ್ತಿಕೊಂಡೆ. ಒಂದೇ ಅಭ್ಯಾಸ ನೋಡುವುದು, ಮತ್ತೆ ಅದನ್ನು ಎಣಿಸುವುದು. ಎರಡನೇ ಸಲ ಗೆಳತಿಯನ್ನು ಹೀಗೆ ಕೇಳಿದೆ: “ಭಾನುವಾರ ನಾವು ನಾಲ್ಕೂ ಜನ ಸೇರ್ತೀವಲ್ಲ, ಅವತ್ತು ಬೇರೆಯವರು ತಮ್ಮ ವಿಷಯ ಹೇಳ್ತಾ ಇರುವಾಗ ನಾನು ಅದನ್ನ ನನ್ನ ಕಡೆ ಎಳ್ಕೊಳ್ತೀನಾ ನೋಡು. ಎಷ್ಟು ಸಲ ಅಂತ ಎಣಿಸು. ಈಗಲೇ ಏನೂ ಹೇಳಬೇಡ.”

ಅವಳ ಮುಖ ಬದಲಾಯಿತು. “ಅದಾ? ಅದಾದ್ರೆ ಎಣಿಸ್ತೀನಿ ಬಿಡು” ಅಂದಳು. ಆ “ಅದಾ?” ಕೇಳಿದಾಗಲೇ ನನಗೆ ಅರ್ಧ ಉತ್ತರ ಸಿಕ್ಕಿತ್ತು.

“ನನ್ನ ಕಡೆ ಎಳೆದುಕೊಳ್ಳುವುದು” ಅಂದರೆ ಸರಿಯಾಗಿ ಏನು?

ಚಾರ್ಲ್ಸ್ ಡರ್ಬರ್ ಎಂಬ ಸಮಾಜಶಾಸ್ತ್ರಜ್ಞ 1979ರಲ್ಲಿ ಮಾತಿನ ಉತ್ತರಗಳನ್ನು ಎರಡು ಥರ ಮಾಡಿ ತೋರಿಸಿದ. ಒಂದು, ಮಾತನ್ನು ಆಡಿದವರ ಹತ್ತಿರವೇ ಇರಿಸುವ ಉತ್ತರ. ಇನ್ನೊಂದು, ಮಾತನ್ನು ಕೇಳಿದವರ ಕಡೆ ತಿರುಗಿಸುವ ಉತ್ತರ.

ನಮ್ಮ ಮಾತಿನಲ್ಲೇ ನೋಡೋಣ. ಒಬ್ಬಳು “ನಮ್ಮತ್ತೆಗೆ ಮೊಣಕಾಲು ಆಪರೇಷನ್ ಮಾಡಿಸ್ಬೇಕಂತೆ” ಅನ್ನುತ್ತಾಳೆ. “ಹೌದಾ? ಯಾವಾಗಂತೆ?” ಅಂದರೆ ಮಾತು ಅವಳ ಹತ್ತಿರವೇ ಉಳಿಯುತ್ತೆ. “ನಮ್ಮಮ್ಮಂಗೂ ಮಾಡ್ಸಿದ್ವಿ, ಮೂರು ತಿಂಗಳು ಏಳೋಕಾಗ್ಲಿಲ್ಲ” ಅಂದರೆ ಮಾತು ನನ್ನ ಕಡೆ ಹೊರಳಿತು. ತಮಾಷೆ ಅಂದರೆ ಎರಡನೆಯದನ್ನು ಆಡುವಾಗ ನಮಗೆ ತುಂಬಾ ಕರುಣೆ ತೋರಿಸುತ್ತಿದ್ದೇವೆ ಅನಿಸುತ್ತೆ. ನಾನೂ ಆ ಕಷ್ಟ ಪಟ್ಟವಳು, ನಿನ್ನ ಜೊತೆ ಇದೀನಿ ಅಂತ ಹೇಳಿದ ಹಾಗೆ. ಹಾಗೆ ಹೇಳುವುದು ತಪ್ಪೂ ಅಲ್ಲ. ಒಂದು ಸಾಲು ಹೇಳಿ “ನಿಮ್ಮತ್ತೆಗೆ ಎರಡೂ ಕಾಲಿಗಾ?” ಅಂತ ವಾಪಸ್ ಹೋದರೆ ಯಾರಿಗೂ ಬೇಸರ ಆಗಲ್ಲ. ನಾನು ವಾಪಸ್ ಹೋಗುತ್ತಿರಲಿಲ್ಲ.

ಆದ್ದರಿಂದ ಗೆಳತಿಗೆ ಎಣಿಸಲು ಕೊಟ್ಟ ಗುರುತು ಇದು: ನಾನು ಬಾಯಿ ಹಾಕಿದ ಮೇಲೆ ಅವಳ ಕಥೆ ಅವಳಿಗೆ ಮತ್ತೆ ಸಿಕ್ಕಿತಾ? ಸಿಕ್ಕಿದರೆ ಎಣಿಸಬೇಡ. ಸಿಗದಿದ್ದರೆ ಒಂದು.

ನಮ್ಮ ಕಡೆ ಎಲ್ಲರೂ ಒಟ್ಟಿಗೇ ಮಾತಾಡ್ತೀವಿ. ಅದೂ ತಪ್ಪಾ?

ಅಲ್ಲ. ದಾವಣಗೆರೆಯಲ್ಲಿ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಬಾಯಿ ಮುಚ್ಚಿ ಕೂತರೆ “ಏನಾತು, ಮೈ ಸರಿ ಇಲ್ವಾ?” ಅಂತ ಕೇಳುತ್ತಾರೆ. ಭಾಷಾಶಾಸ್ತ್ರಜ್ಞೆ ಡೆಬೊರಾ ಟ್ಯಾನೆನ್ ಇದನ್ನು ಚೆನ್ನಾಗಿ ಗುರುತಿಸಿದ್ದಾರೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುವುದೆಲ್ಲ ಅಡ್ಡಿಯಲ್ಲ. ಕೆಲವು ಕಡೆ ಅದು ಉತ್ಸಾಹ, ಕೇಳುತ್ತಿದ್ದೇನೆ ಅನ್ನುವ ಗುರುತು. “ಹೂಂ”, “ಹೌದಾ?”, “ಅಯ್ಯ ಶಿವನೇ”, “ಆಮ್ಯಾಲೆ?” ಇವೆಲ್ಲ ಮಧ್ಯೆ ಬಿದ್ದರೂ ಹೇಳುವವರಿಗೆ ಕುಮ್ಮಕ್ಕು. ನಮ್ಮ ಅಜ್ಜಿಯರು ಕಥೆ ಹೇಳುವಾಗ ಯಾರಾದರೂ ಹೂಂಗುಡಲೇಬೇಕಿತ್ತು, ಇಲ್ಲದಿದ್ದರೆ ಕಥೆ ನಿಲ್ಲಿಸುತ್ತಿದ್ದರು.

ಆದ್ದರಿಂದಲೇ “ನಾನು ಎಷ್ಟು ಸಲ ಮಧ್ಯೆ ಬಾಯಿ ಹಾಕಿದೆ” ಅಂತ ಎಣಿಸಿದರೆ ಲೆಕ್ಕ ಸುಳ್ಳಾಗುತ್ತೆ. ಒಳ್ಳೇ ಹೂಂಗುಡುವವಳಿಗೇ ಜಾಸ್ತಿ ಗೀಟು ಬೀಳುತ್ತೆ.

ನಿಮ್ಮ ಗೆಳತಿ ಎಣಿಸಿದ್ದು ಹೇಗೆ?

ಅವತ್ತು ನಮ್ಮ ಮನೆಯಲ್ಲಿ ಸೇರಿದ್ದೆವು. ಖಾರ ಮಂಡಕ್ಕಿ, ಮಿರ್ಚಿ ತರಿಸಿದ್ದೆ. ಎಲ್ಲರ ಮುಂದೆಯೂ ಪೇಪರ್ ಮೇಲೆ ಮಂಡಕ್ಕಿ. ನಾನು ಮೇಡಂ ಬುದ್ಧಿಯಲ್ಲಿ ಅವಳಿಗೆ ಚಿಕ್ಕ ನೋಟ್‌ಬುಕ್ಕು, ಪೆನ್ಸಿಲ್ಲು ಕೊಟ್ಟಿದ್ದೆ. ಅವಳು ಅದನ್ನು ವ್ಯಾನಿಟಿ ಬ್ಯಾಗಿಂದ ತೆಗೆಯಲೇ ಇಲ್ಲ. ಅವಳು ಏನೂ ಮಾಡುತ್ತಿಲ್ಲ ಅಂತ ನನಗೆ ಒಳಗೇ ಸಿಟ್ಟು.

ಅರ್ಧ ಗಂಟೆ ಆದ ಮೇಲೆ ನೋಡಿದೆ. ಅವಳ ಪೇಪರಿನ ಅಂಚಿಗೆ ಶೇಂಗಾ ಬೀಜ ಸಾಲಾಗಿ ನಿಂತಿದ್ದವು. ಮಂಡಕ್ಕಿಯಲ್ಲಿದ್ದ ಶೇಂಗಾ. ಒಂದೊಂದನ್ನೇ ಆರಿಸಿ, ಬೆರಳಲ್ಲಿ ಸಿಪ್ಪೆ ಉಜ್ಜಿ ಪಕ್ಕಕ್ಕೆ ಇಡುತ್ತಿದ್ದಳು. ಉಳಿದ ಇಬ್ಬರೂ ಇವಳಿಗೆ ಶೇಂಗಾ ಇಷ್ಟ ಇಲ್ಲ ಅಂದುಕೊಂಡಿರಬೇಕು. ಒಬ್ಬಳಂತೂ “ಬ್ಯಾಡಾದ್ರೆ ನಂಗೆ ಹಾಕೇ” ಅಂತ ಕೈ ಚಾಚಿದಳು. ಇವಳು ಪೇಪರ್ ಹಿಂದಕ್ಕೆ ಎಳೆದುಕೊಂಡಳು.

ನಲವತ್ತು ನಿಮಿಷಕ್ಕೆ ಹನ್ನೊಂದು ಬೀಜ. ಕೆಲವು ಒಂದು ಸಾಲು, ಕೆಲವು ಪಕ್ಕದಲ್ಲಿ ಇನ್ನೊಂದು ಸಾಲು, ಒಂದು ಮಾತ್ರ ದೂರದಲ್ಲಿ ಒಂಟಿ. ಅದರ ಅರ್ಥ ನನಗೆ ತಿಳಿದದ್ದು ಎರಡು ದಿನದ ಮೇಲೆ.

ಫೋನಲ್ಲಿ ರೆಕಾರ್ಡ್ ಮಾಡಿಕೊಂಡು ನಾನೇ ಕೇಳಿದರೆ ಗೆಳತಿಯ ಕಾಟವೇ ಇಲ್ಲವಲ್ಲ?

ಎಲ್ಲರನ್ನೂ ಕೇಳಿಯೇ ರೆಕಾರ್ಡ್ ಮಾಡಬೇಕು, ಕದ್ದು ಮಾಡುವುದು ಸರಿಯಲ್ಲ. ಕೇಳಿ ಮಾಡಿದರೆ ಎಲ್ಲರೂ ಆಕಾಶವಾಣಿಗೆ ಬಂದವರ ಹಾಗೆ ಮಾತಾಡುತ್ತಾರೆ. ಇನ್ನೂ ಒಂದು ತೊಂದರೆ ಇದೆ. ರೆಕಾರ್ಡಿಂಗಿನಲ್ಲಿ ಮಾತು ಇರುತ್ತೆ, ಮುಖ ಇರಲ್ಲ. ನಾನು ಬಾಯಿ ಹಾಕಿದಾಗ ಎದುರಿನವಳು ಮಿರ್ಚಿ ಕಡೆ ತಲೆ ತಗ್ಗಿಸಿದ್ದು ಅದರಲ್ಲಿ ಎಲ್ಲಿ ಸಿಗಬೇಕು?

ಆಮೇಲೆ ಹೇಳಿಸಿಕೊಳ್ಳುವುದು ಎಲ್ಲಿ, ಯಾವಾಗ?

ಅವತ್ತೇ ಬೇಡ. ಎಲ್ಲರೂ ಹೋದ ಮೇಲೆ ಪಾತ್ರೆ ಎತ್ತುತ್ತಾ ಕೇಳಿದರೆ ಇಬ್ಬರಿಗೂ ಆಯಾಸ. ಹಾಗಂತ ಹದಿನೈದು ದಿನ ಬಿಟ್ಟರೆ ಯಾರು ಏನಂದರು ಅನ್ನುವುದೇ ಮರೆತುಹೋಗುತ್ತೆ. ಒಂದೆರಡು ದಿನ ಸರಿ.

ನಾವು ಹೋದದ್ದು ಕುಂದವಾಡ ಕೆರೆಗೆ, ಬೆಳಗ್ಗೆ ವಾಕಿಂಗ್ ಸಮಯಕ್ಕೆ. ನಡೆಯುತ್ತಾ ಮಾತಾಡಿದರೆ ಮುಖ ಮುಖ ನೋಡಿಕೊಳ್ಳಬೇಕಾಗಿಲ್ಲ. ಹೇಳುವವಳು ನೀರು ನೋಡುತ್ತಾ ಹೇಳುತ್ತಾಳೆ, ಕೇಳುವವಳ ಮುಖ ಕೆಂಪಾದರೂ ಅವಳಿಗೆ ಕಾಣಲ್ಲ. ಹೋಟೆಲಲ್ಲಿ ಬೆಣ್ಣೆ ದೋಸೆ ಮುಂದಿಟ್ಟುಕೊಂಡು ಇಂಥ ಮಾತು ಆಡಬೇಡಿ. ಪಕ್ಕದ ಟೇಬಲ್‌ನವರು ಕೇಳಿಸಿಕೊಳ್ಳುತ್ತಾರೆ, ದೋಸೆಯೂ ಆರುತ್ತೆ. ಆರಿದ ಬೆಣ್ಣೆ ದೋಸೆಯಷ್ಟು ದುಃಖ ಇನ್ನೊಂದಿಲ್ಲ.

“ಏನಿಲ್ಲ ಬಿಡೇ, ಚೆನ್ನಾಗೇ ಇದೀಯ” ಅಂದುಬಿಟ್ಟರೆ?

ಅನ್ನುತ್ತಾರೆ. ಅದು ಸುಳ್ಳು ಹೇಳುವ ಉದ್ದೇಶದಿಂದಲ್ಲ. 1970ರಲ್ಲಿ ರೋಸೆನ್ ಮತ್ತು ಟೆಸ್ಸರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗ ಮಾಡಿ ತೋರಿಸಿದರು. ಒಳ್ಳೇ ಸುದ್ದಿ ಇದ್ದರೆ ಜನ ಅದನ್ನು ಸಂಬಂಧಪಟ್ಟವರಿಗೆ ಬೇಗ ಮುಟ್ಟಿಸುತ್ತಾರೆ, ಕೆಟ್ಟ ಸುದ್ದಿಯಾದರೆ ಬಾಯಿ ಬಿಡಲು ಹಿಂದೆ ಮುಂದೆ ನೋಡುತ್ತಾರೆ. ನಿಮ್ಮ ಮಾತಿನ ತಪ್ಪು ನಿಮಗೆ ಕೆಟ್ಟ ಸುದ್ದಿ. ನಿಮ್ಮ ಗೆಳತಿಗೆ ನಿಮ್ಮ ಸ್ನೇಹವೂ ಬೇಕು.

“ನಿಜ ಹೇಳು, ನಾನು ಬೇಜಾರು ಮಾಡ್ಕೊಳಲ್ಲ” ಅಂತ ಒತ್ತಾಯ ಮಾಡಿದರೆ ಅವಳು ಇನ್ನೂ ಗಟ್ಟಿಯಾಗಿ “ಏನಿಲ್ಲ” ಅನ್ನುತ್ತಾಳೆ. ಬೇಜಾರಿನ ಮಾತು ಎತ್ತಿದಿರಿ ಅಂದ ಮೇಲೆ ಬೇಜಾರಾಗುವಂಥದ್ದು ಇದೆ ಅಂತಲೇ ಅರ್ಥವಲ್ಲವೇ. ನಾನು ಕೇಳಿದ್ದು ಇಷ್ಟು: “ಎಷ್ಟು ಬೀಜ ಆಯ್ತು?” “ಹನ್ನೊಂದು.” “ಮೊದಲನೇದು ಯಾವಾಗ ಇಟ್ಟೆ?”

ಅಲ್ಲಿಂದ ಅವಳೇ ಬಿಚ್ಚಿಕೊಂಡಳು. ಒಂದು ಬೀಜ ಅಂದರೆ ಒಂದು ಘಟನೆ. ಅದನ್ನು ಹೇಳುವುದು ನನ್ನನ್ನು ಬೈದ ಹಾಗಲ್ಲ, ನಡೆದದ್ದನ್ನು ಹೇಳಿದ ಹಾಗೆ. “ಅವಳು ಮಗಳ ಹಾಸ್ಟೆಲ್ ಸುದ್ದಿ ತೆಗೆದ್ಲು. ನೀನು ನಿನ್ನ ಹಾಸ್ಟೆಲ್ ಅಂದೆ. ನಿನ್ನ ಹಾಸ್ಟೆಲ್ ವಾರ್ಡನ್, ಹಾಸ್ಟೆಲ್ ಸಾರು ಎಲ್ಲ ಬಂತು. ಆಮೇಲೆ ಅವಳು ಮಗಳ ಸುದ್ದಿ ಮತ್ತೆ ಎತ್ಲೇ ಇಲ್ಲ.” ನಾನು ಸುಮ್ಮನೆ ನಡೆದೆ. ಕೆರೆಯ ಒಂದು ಬದಿ ಮುಗಿಯುವಷ್ಟರಲ್ಲಿ ಹನ್ನೊಂದೂ ಮುಗಿದಿದ್ದವು. ಏಳು ಬೀಜ ಹೀಗೆ ಎಳೆದುಕೊಂಡದ್ದಕ್ಕೆ. ಪಕ್ಕದ ಸಾಲಿನ ಮೂರು, ಬೇರೆಯವರು ಹೇಳುತ್ತಿದ್ದ ವಾಕ್ಯವನ್ನು ನಾನೇ ಮುಗಿಸಿದ್ದಕ್ಕೆ. ನಾನು ಇದನ್ನು ಎಣಿಸು ಅಂದಿರಲಿಲ್ಲ, ಅವಳೇ ಇಟ್ಟಿದ್ದಳು. ದೂರದ ಒಂಟಿ ಬೀಜ, ಯಾರೂ ಕೇಳದಿದ್ದರೂ ನಾನು ಕೊಟ್ಟ ಒಂದು ಸಲಹೆಗೆ.

“ಆ ಹಾಸ್ಟೆಲ್ ಸುದ್ದಿ ಏನಿತ್ತು?” ಅಂದೆ. “ಮಗಳು ದಿನಾ ಅಳ್ತಾಳಂತೆ. ನಂಗೆ ಆಮೇಲೆ ಆಟೋದಾಗ ಹೇಳಿದ್ಲು.”

ಕೇಳುತ್ತಾ ಕೇಳುತ್ತಾ ಸಿಟ್ಟು ಬಂದರೆ?

ಬರುತ್ತೆ. ನನಗೆ ನಾಲ್ಕನೇ ಬೀಜಕ್ಕೆ ಬಂತು. “ಅದು ಹಂಗಲ್ಲ, ಅವತ್ತು ಅವಳೇ ನನ್ನ ಕೇಳಿದ್ಲು” ಅಂತ ನಾಲಿಗೆ ತುದಿಗೆ ಬಂದಿತ್ತು. ವಿವರಣೆ ಕೊಟ್ಟರೆ ಎರಡು ನಡೆಯುತ್ತೆ. ಒಂದು, ಅವಳು ಐದನೇ ಬೀಜ ನುಂಗಿಕೊಳ್ಳುತ್ತಾಳೆ. ಎರಡು, ಅವಳು ಹೇಳುತ್ತಿದ್ದದ್ದನ್ನು ನೀವು ನಿಮ್ಮ ಕಡೆ ಎಳೆದುಕೊಂಡ ಹಾಗೇ ಆಯಿತು. ಅಲ್ಲೇ ಹನ್ನೆರಡನೇ ಬೀಜ!

ಆ ಹೊತ್ತಿಗೆ ಬಾಯಲ್ಲಿ ಇಟ್ಟುಕೊಳ್ಳಲು ಮೂರು ಮಾತು ಸಾಕು: “ಹೂಂ”, “ಆಮೇಲೆ ಅವಳ ಮುಖ ಹೆಂಗಾತು?”, “ಇನ್ನೊಂದು ಯಾವ್ದು?” ಮನೆಗೆ ಬಂದ ಮೇಲೆ ಅವಳು ಆಡಿದ ಮಾತನ್ನು ಹಾಗೇ ಬರೆದಿಡಿ. ನಿಮ್ಮ ಮಾತಿನಲ್ಲಿ ಬೇಡ. “ನಾನು ಸ್ವಲ್ಪ ಹೆಚ್ಚು ಮಾತಾಡುತ್ತೇನೆ” ಅಂತ ಬರೆದುಕೊಂಡರೆ ವಾರದಲ್ಲಿ ಅದರ ಚುರುಕು ಹೋಗುತ್ತೆ. “ಆಮೇಲೆ ಅವಳು ಮಗಳ ಸುದ್ದಿ ಮತ್ತೆ ಎತ್ಲೇ ಇಲ್ಲ” ಅನ್ನುವುದು ಇವತ್ತಿಗೂ ನನ್ನ ಡೈರಿಯಲ್ಲಿ ಚುರ್ ಅನ್ನುತ್ತೆ.

ಗೆಳತಿ ಹೇಳಿದ್ದೆಲ್ಲ ನಿಜ ಅಂತ ನಂಬಬೇಕಾ?

ನಡೆದದ್ದನ್ನು ನಂಬಿ. ಅವಳು ಕೊಡುವ ಕಾರಣವನ್ನು ನಂಬಬೇಕು ಅಂತೇನಿಲ್ಲ. “ನಿಂಗೆ ಮೇಡಂ ಅನ್ನೋ ಅಹಂಕಾರ ಬಂದೈತೆ” ಅಂತ ಅವಳು ಕೆರೆ ಏರಿ ಮೇಲೆ ಒಂದು ಮಾತು ಅಂದಳು. ಅದು ಅವಳ ಊಹೆ. ನನಗೆ ಗೊತ್ತಿರುವ ಹಾಗೆ ಕಾರಣ ಬೇರೆ: ತರಗತಿಯಲ್ಲಿ ಮಕ್ಕಳು ಏನೇ ಹೇಳಿದರೂ ಅದಕ್ಕೊಂದು ಉದಾಹರಣೆ ಸೇರಿಸಿ ಮುಂದಕ್ಕೆ ಹೋಗುವುದು ನಮ್ಮ ವೃತ್ತಿಯ ಚಾಳಿ. ತರಗತಿಯಲ್ಲಿ ಅದು ಗುಣ. ಕಾರಣ ಯಾವುದಾದರೂ ಬೀಜ ಹನ್ನೊಂದೇ, ಅದಕ್ಕೇ ನಾನು ವಾದಕ್ಕೆ ಹೋಗಲಿಲ್ಲ.

ಇನ್ನೊಂದು ಮಿತಿ, ಅವಳು ನೋಡಿದ್ದು ನಾಲ್ಕು ಹಳೇ ಗೆಳತಿಯರ ನಡುವೆ ನನ್ನನ್ನು. ಸ್ಟಾಫ್ ಮೀಟಿಂಗಿನಲ್ಲಿ ನಾನು ಬಾಯೇ ಬಿಡದವಳು. ಅಲ್ಲಿಗೆ ಈ ಲೆಕ್ಕ ನಡೆಯಲ್ಲ, ಅಲ್ಲಿಯದನ್ನು ಅಲ್ಲಿಯವರೇ ಹೇಳಬೇಕು.

ಮೈಯ ಕಾರಣವನ್ನೂ ಮರೆಯಬೇಡಿ. “ನೀನು ಜೋರಾಗಿ ಕೂಗ್ತೀಯ, ಹೇಳಿದ್ದಕ್ಕೆ ಸಂಬಂಧ ಇಲ್ಲದ ಉತ್ತರ ಕೊಡ್ತೀಯ” ಅಂತ ಗೆಳೆಯರು ಹೇಳಿದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ನಮ್ಮ ಸಹೋದ್ಯೋಗಿಯೊಬ್ಬರಿಗೆ ಹಾಗೇ ಆಯಿತು. ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಎಡಗಿವಿಯಲ್ಲಿತ್ತು.

ತಿದ್ದಿಕೊಂಡದ್ದು ಹೇಗೆ? ಸುಮ್ಮನೆ ಬಾಯಿ ಮುಚ್ಚಿಕೊಂಡಿರಾ?

ಮುಂದಿನ ಭಾನುವಾರ ಹಾಗೇ ಮಾಡಿದೆ. “ಯಾಕೇ, ಮನೇಲಿ ಜಗಳಾನಾ?” ಅಂತ ಎಲ್ಲರೂ ಕೇಳಿದರು. ಒಂದು ಅಭ್ಯಾಸ ತೆಗೆದರೆ ಆ ಜಾಗಕ್ಕೆ ಇನ್ನೊಂದು ಬೇಕು. ನಾನು ಇಟ್ಟುಕೊಂಡ ನಿಯಮ ಸಣ್ಣದು: “ನಮಗೂ ಹಂಗೇ” ಅಂತ ಬಾಯಿಗೆ ಬಂದ ಕೂಡಲೇ ಅದರ ಬದಲು ಅವರ ಮಾತಿನ ಕೊನೇ ಪದ ಹಿಡಿದು ಒಂದು ಪ್ರಶ್ನೆ. ಅವಳು “ಹಾಸ್ಟೆಲ್ ಬಿಡಿಸ್ಬೇಕು ಅಂತಾಳೆ” ಅಂದರೆ, ನಾನು “ಬಿಡಿಸ್ಬೇಕು ಅಂತಾಳಾ?” ಅಷ್ಟೇ. ನನ್ನ ಕಥೆಗೆ ಅವರು ಮುಗಿಸಿದ ಮೇಲೆ ಜಾಗ ಇದ್ದೇ ಇರುತ್ತೆ. ಎಷ್ಟೋ ಸಲ ಆ ಹೊತ್ತಿಗೆ ಅದನ್ನು ಹೇಳುವ ಆಸೆಯೇ ಹೋಗಿರುತ್ತೆ.

ಒಂದು ತಿಂಗಳ ಮೇಲೆ ಗೆಳತಿ ಮತ್ತೆ ಎಣಿಸಿದಳು. ಐದು ಬೀಜ. ಖುಷಿಯಾಯಿತು. ಆಗ ಅವಳು “ಆದ್ರೆ ಈಗ ನೀನು ಪೊಲೀಸ್ ಸ್ಟೇಷನ್ ಆಗೀಯ. ಒಂದು ಪ್ರಶ್ನೆ ಆದ ಮೇಲೆ ಒಂದು ಪ್ರಶ್ನೆ. ಅವಳು ಉಸಿರು ತಗೊಳ್ಳೋಕೂ ಬಿಡಲ್ಲ” ಅಂದಳು. ಸೂಕ್ಷ್ಮ ಬೋಧನೆಯಲ್ಲೂ ಹೀಗೇ ಆಗುತ್ತೆ. ಪ್ರಶ್ನೆ ಕೇಳುವ ಕೌಶಲ ಹೇಳಿಕೊಟ್ಟ ಮಾರನೇ ದಿನ ವಿದ್ಯಾರ್ಥಿಗಳು ಪ್ರಶ್ನೆಗಳ ಮಳೆ ಸುರಿಸುತ್ತಾರೆ. ಎರಡು ಪ್ರಶ್ನೆ ನಡುವೆ ಒಂದು “ಹೂಂ” ಹಾಕಿ ಕಾಯುವುದನ್ನು ಆಮೇಲೆ ಕಲಿಯಬೇಕಾಯಿತು. ಮೂರನೇ ಎಣಿಕೆಗೆ ನಾಲ್ಕು. ಅದಕ್ಕಿಂತ ಕೆಳಗೆ ಇಳಿದಿಲ್ಲ. ನಾಲ್ಕನ್ನು ನನ್ನ ಗೆಳತಿಯರು ಸಹಿಸಿಕೊಳ್ಳುತ್ತಾರೆ.

ಬೆಂಗಳೂರಲ್ಲಿ ಕೆಲಸಕ್ಕಿದ್ದೀನಿ. ನನ್ನ ದಾವಣಗೆರೆ ಮಾತು ಒರಟು ಅಂತಾರೆ. ಅದನ್ನೂ ಗೆಳೆಯನ ಹತ್ತಿರ ಕೇಳಬೇಕಾ?

ಊರಿನ ಗೆಳೆಯನನ್ನು ಕೇಳಿದರೆ ಏನೂ ಸಿಗಲ್ಲ, ಅವನದೂ ಅದೇ ಮಾತು. “ಲೇ” ಅಂದರೆ ನಿಮ್ಮಿಬ್ಬರಿಗೂ ಪ್ರೀತಿ. ಆಫೀಸಿನಲ್ಲಿ ಕೂತಿರುವ ಮೈಸೂರು ಕಡೆಯವನಿಗೆ ಅದು ಜಗಳದ ಮೊದಲ ಅಕ್ಷರ. ಆ ಆಫೀಸಿನಲ್ಲೇ ನಿಮಗೆ ಹತ್ತಿರದವರೊಬ್ಬರನ್ನು ಹಿಡಿದು ಒಂದೇ ಒಂದು ವಿಷಯ ಕೇಳಿ: “ನಾನು ಯಾವ ಮಾತು ಆಡಿದಾಗ ಜನ ನನ್ನ ಕಡೆ ತಿರುಗಿ ನೋಡ್ತಾರೆ?” ಎರಡು ಮೂರು ಪದ ಸಿಗುತ್ತೆ. ಅದನ್ನು ಆಫೀಸಿನ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಿ. ಉಳಿದ ಮಾತಿಗೆ ಕೈ ಹಚ್ಚಬೇಡಿ.

ನನ್ನ ಮಾತಿಂದ ಎಲ್ಲರಿಗೂ ಬೇಸರ ಆಗುತ್ತೆ ಅಂತ ಯಾವಾಗಲೂ ಅನಿಸುತ್ತೆ. ಗೆಳತಿಯನ್ನು ವಾರಕ್ಕೆ ಮೂರು ಸಲ ಕೇಳ್ತೀನಿ.

ಹಾಗಾದರೆ ಎಣಿಸುವುದು ನಿಮಗಲ್ಲ. 2018ರಲ್ಲಿ ಎರಿಕಾ ಬೂತ್‌ಬಿ ಮತ್ತು ಅವರ ಜೊತೆಯವರು ಪ್ರಕಟಿಸಿದ ಅಧ್ಯಯನ ಒಂದಿದೆ. ಹೊಸಬರ ಜೊತೆ ಮಾತಾಡಿ ಎದ್ದ ಮೇಲೆ, ಅವರಿಗೆ ನಾವು ಎಷ್ಟು ಇಷ್ಟವಾದೆವು ಅಂತ ನಾವು ಮಾಡುವ ಅಂದಾಜು ನಿಜಕ್ಕಿಂತ ಕಡಿಮೆ ಇರುತ್ತೆ ಅಂತ ಅವರು ಕಂಡರು. ಅಂದರೆ ಆ ಅನುಮಾನ ನಿಮಗೊಬ್ಬರಿಗೇ ಅಲ್ಲ, ಜಾಸ್ತಿ ಜನಕ್ಕೆ ಇದೆ.

ಪದೇ ಪದೇ ಕೇಳಿದರೆ ಸಿಗುವ ಸಮಾಧಾನ ಸಂಜೆವರೆಗೂ ಉಳಿಯಲ್ಲ, ಗೆಳತಿಯೂ ಸೋಲುತ್ತಾಳೆ. ಮಾತಾಡಿದ್ದನ್ನು ರಾತ್ರಿಯೆಲ್ಲ ಮೆಲುಕು ಹಾಕಿ ನಿದ್ದೆ ಕೆಡುತ್ತಿದ್ದರೆ, ಜನ ಸೇರುವ ಕಡೆ ಹೋಗುವುದನ್ನೇ ಬಿಟ್ಟಿದ್ದರೆ, ಆಪ್ತಸಮಾಲೋಚಕರ ಹತ್ತಿರ ಮಾತಾಡಿ. ಟೆಲಿ-ಮಾನಸ್ 14416 ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ.

ಆಮೇಲೆ ಅವಳೂ “ನಂದು ಹೇಳು” ಅಂದರೆ?

ಅವತ್ತೇ ಹೇಳಬೇಡಿ. ಅವಳು ಹನ್ನೊಂದು ಹೇಳಿದ ಬಿಸಿಯಲ್ಲಿ ನೀವು ಹೇಳುವುದು ತಿರುಗೇಟಾಗುತ್ತೆ. ನನ್ನ ಗೆಳತಿ ಕೇಳಿದ್ದು ನಾಲ್ಕು ತಿಂಗಳ ಮೇಲೆ. ಗಿರಾಕಿಗಳಿಗೆ “ಆಗಲ್ಲ” ಅನ್ನಲು ಬರದೆ “ನೋಡೋಣ” ಅನ್ನುತ್ತೀನಾ ಅಂತ ಎಣಿಸು ಅಂದಳು. ಅವಳ ಅಂಗಡಿಯ ಸ್ಟೂಲ್ ಮೇಲೆ ಒಂದು ಸಂಜೆ ಕೂತು ಎಣಿಸಿದೆ. ಅವಳ ಲೆಕ್ಕ ಇಲ್ಲಿ ಬರೆಯಲ್ಲ, ಅದು ಅವಳದು.

ಶೇಂಗಾನೇ ಬೇಕಾ? ಫೋನಲ್ಲಿ ಎಣಿಸಬಹುದಲ್ಲ?

ಮಾತಿನ ಮಧ್ಯೆ ಒಬ್ಬರು ಫೋನ್ ಮುಟ್ಟಿದರೆ ಎಲ್ಲರ ಕಣ್ಣೂ ಅಲ್ಲಿಗೆ ಹೋಗುತ್ತೆ. ಹುಣಸೆ ಬೀಜ, ಬೆಂಕಿಕಡ್ಡಿ, ಬಳೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಳ್ಳುವುದು, ಯಾವುದಾದರೂ ಆಗುತ್ತೆ. ಶೇಂಗಾದಲ್ಲಿ ಒಂದು ತೊಂದರೆ ಇದೆ. ಮೊನ್ನೆ ಅವಳು ಒಪ್ಪಿಕೊಂಡಳು: ಅವತ್ತು ಮಿರ್ಚಿ ಖಾರ ಹತ್ತಿದಾಗ ಮರೆತು ಎರಡು ಮೂರು ಬೀಜ ಬಾಯಿಗೆ ಹಾಕಿಕೊಂಡಿದ್ದಳಂತೆ.